ಹೊಸ್ತಿಲಾಚೆಯ ಶೂ

ಬೆವರಿಗೆ ವಾಸನೆಯಿಲ್ಲ ಎಂದರೆ ನನ್ನ ತಂಗಿಯ ಮಗ ನಂಬಲಿಲ್ಲ. ಅವನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಟ್ರೈನಿ. ದಿನಕ್ಕೆ 9 ಗಂಟೆ ಸೇಫ್ಟಿ ಶೂ ಹಾಕಿರಬೇಕು. ಕೆಲವು ತಿಂಗಳಿಂದ ನಮ್ಮ ಮನೆಗೆ ಬಂದರೂ ಬಾಗಿಲಲ್ಲೇ ನಿಂತು ನಾಲ್ಕು ಮಾತಾಡಿ, ‘ಹೊತ್ತಾಯ್ತು ಮಾವ’ ಎಂದು ಹೊರಟುಬಿಡುತ್ತಿದ್ದ. ಶೂ ಬಿಚ್ಚದೆ ಯಾರ ಮನೆಗೂ ಕಾಲಿಡುವಂತಿಲ್ಲವಲ್ಲ!

‘ದಿನಕ್ಕೆ ಮೂರು ಸಲ ಸೋಪು ಹಾಕಿ ತೊಳೀತೀನಿ, ಇನ್ನೇನು ಮಾಡ್ಲಿ?’ ಎಂದ ಒಮ್ಮೆ. ತೊಳೆಯುತ್ತಿದ್ದುದು ಕಾಲನ್ನು. ವಾಸನೆಯ ತವರು ಶೂ ಒಳಗಿತ್ತು. ಅಂಗಾಲಿನ ಬೆವರು ಬಹುಪಾಲು ನೀರು ಮತ್ತು ಉಪ್ಪು. ನಮ್ಮ ಚರ್ಮದ ಮೇಲೆಯೇ ಬದುಕುವ ಬ್ಯಾಕ್ಟೀರಿಯಾ ಅದರಲ್ಲಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲವನ್ನು ಒಡೆದು ಐಸೋವಲೆರಿಕ್ ಆಮ್ಲ ಮಾಡುತ್ತವೆ. ಹಳೆಯ ಚೀಸಿನಂಥ ಆ ಕಮಟು ಅದರದೇ. ಶೂ ಒಳಗಿನ ಕತ್ತಲೆ, ಬಿಸಿ, ತೇವಗಳಲ್ಲಿ ಅವಕ್ಕೆ ಹಬ್ಬ. ಮೇಲೆ ಪೌಡರ್ ಸುರಿದರೆ ಅದು ಬೆವರಿನಲ್ಲಿ ಕಲಸಿ ಮುದ್ದೆಯಾಗುತ್ತದೆ, ಅಷ್ಟೆ.

ಬೆಳಿಗ್ಗೆ ಶೂ ಹಾಕುವ ಮುಂಚೆ ಒಳಗಿನ ಅಟ್ಟೆಯನ್ನು ಮುಟ್ಟಿ ನೋಡಲು ಹೇಳಿದೆ. ತಣ್ಣಗಿತ್ತು, ಅಂದರೆ ಹಿಂದಿನ ದಿನದ ಬೆವರು ಇನ್ನೂ ಆರಿಲ್ಲ. ದಪ್ಪ ಶೂ ಒಂದು ರಾತ್ರಿಯಲ್ಲಿ ಒಣಗುವುದಿಲ್ಲ, ಒಂದೆರಡು ದಿನ ಬೇಕು. ಆದ್ದರಿಂದ ಇನ್ನೊಂದು ಜೊತೆ ಕೊಂಡು ದಿನ ಬಿಟ್ಟು ದಿನ ಹಾಕತೊಡಗಿದ. ಬಿಚ್ಚಿದ ಕೂಡಲೇ ಅಟ್ಟೆ ಹೊರತೆಗೆದು ಫ್ಯಾನಿನ ಕೆಳಗಿಡುವುದು, ಶೂಗೆ ಹಳೆಯ ಪತ್ರಿಕೆ ತುರುಕುವುದು, ಊಟದ ಹೊತ್ತಿಗೆ ಕಾಲು ಒರೆಸಿ ಬೇರೆ ಸಾಕ್ಸ್ ಹಾಕುವುದು. ಕ್ಯಾಂಟೀನಿನಲ್ಲಿ ಸಾಕ್ಸ್ ಬದಲಿಸಲು ಸಂಕೋಚ ಎಂದ. ಆ ಸಂಕೋಚ ಒಂದು ವಾರ ಮಾತ್ರ ಇತ್ತು.

ವಾಸನೆ ತಗ್ಗಿತು, ಪೂರ್ತಿ ಹೋಗಲಿಲ್ಲ. ಒಂದು ದಿನ ಅವನ ಕಾಲನ್ನು ಹತ್ತು ನಿಮಿಷ ನೀರಲ್ಲಿಡಿಸಿ ನೋಡಿದೆ. ಬೆಳ್ಳಗಾದ ಹಿಮ್ಮಡಿಯ ತುಂಬ ಗುಂಡುಸೂಜಿ ಚುಚ್ಚಿದಂಥ ಸಣ್ಣ ಸಣ್ಣ ಗುಳಿಗಳು! ಚರ್ಮದ ಡಾಕ್ಟರು ಅದನ್ನು ಪಿಟೆಡ್ ಕೆರಟೋಲೈಸಿಸ್ ಎಂದರು. ಕೆಲವು ಬ್ಯಾಕ್ಟೀರಿಯಾ ಚರ್ಮದ ಮೇಲ್ಪದರವನ್ನೇ ಕರಗಿಸಿ ಮಾಡುವ ಗುಳಿಗಳವು. ನೋವಿಲ್ಲ, ತುರಿಕೆಯೂ ಕಡಿಮೆ, ಹಾಗಾಗಿ ಕಣ್ಣಿಗೆ ಬೀಳುವುದಿಲ್ಲ. ಹಚ್ಚಲು ಆ್ಯಂಟಿಬಯೋಟಿಕ್ ಮುಲಾಮು ಕೊಟ್ಟರು. ಬೆವರಿಗೆ ಅಲ್ಯೂಮಿನಿಯಂ ಕ್ಲೋರೈಡ್ ದ್ರಾವಣ ಕೊಟ್ಟು, ರಾತ್ರಿ ಪೂರ್ತಿ ಒಣಗಿದ ಅಂಗಾಲಿಗೆ ಹಚ್ಚಿ ಬೆಳಿಗ್ಗೆ ತೊಳೆಯಬೇಕು ಎಂದರು. ಒದ್ದೆ ಕಾಲಿಗೋ ಬಿರುಕಿಗೋ ಹಚ್ಚಿದರೆ ಉರಿ. ಕೆಲವು ವಾರಗಳಲ್ಲಿ ಗುಳಿಗಳು ಮುಚ್ಚಿದವು.

ಬೆರಳ ಸಂದು ತುರಿಸಿ ಸುಲಿಯುತ್ತಿದ್ದರೆ ಅದು ಬಹುಮಟ್ಟಿಗೆ ಶಿಲೀಂಧ್ರ, ಅದಕ್ಕೆ ಮದ್ದೇ ಬೇರೆ. ಮೆಡಿಕಲ್ ಶಾಪಿನವರು ಕೊಡುವ ಸ್ಟೆರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ತುರಿಕೆ ತಣಿದಂತೆ ಕಂಡು ಶಿಲೀಂಧ್ರ ಇನ್ನಷ್ಟು ಹರಡುತ್ತದೆ. ಇನ್ನು ತಂಪಿನಲ್ಲಿ ಸುಮ್ಮನೆ ಕೂತಾಗಲೂ ಅಂಗೈ ಅಂಗಾಲು ತೊಟ್ಟಿಕ್ಕುವವರಿಗೆ ಎರಡು ಜೊತೆ ಶೂ ಸಾಲದು. ಬೆವರಿಗೇ ಚಿಕಿತ್ಸೆ ಬೇಕಾಗುತ್ತದೆ.