ಒಂದು ಗೇಣಿನ ಜಗಳ

ಈ ಮಳೆಗಾಲದಲ್ಲಿ ನಮ್ಮ ಮನೆಗೂ ಪಕ್ಕದ ಮನೆ ಮಾವನ ಮನೆಗೂ ನಡುವೆ ಇದ್ದ ಮಣ್ಣಿನ ಗೋಡೆ ಬಿತ್ತು. ಅಪ್ಪ ಹೊಸ ಗೋಡೆಗೆ ದಾರ ಕಟ್ಟಿದ್ದೇ ತಡ, ಮಾವ ಓಡಿ ಬಂದು "ಒಂದು ಗೇಣು ನಮ್ಮ ಕಡೆ ಬಂದ್ಯಲ್ಲೋ!" ಅಂತ ದಾರ ಕಿತ್ತೆಸೆದರು. ಅವತ್ತಿಂದ ಮಾತು ಬಂದ್. ಕ್ಲಾಸಲ್ಲಿ ನನ್ನ ಪಕ್ಕ ಕೂರುತ್ತಿದ್ದ ಅವರ ಮಗಳೂ ಬೇರೆ ಸಾಲಿಗೆ ಹೋದಳು.

ಅವ್ವ ಗಾರೆ ಕೆಲಸದ ಅಜ್ಜನನ್ನು ಕರೆಸಿದಳು. ಅಜ್ಜ ತೀರ್ಪು ಹೇಳಲಿಲ್ಲ. ನಾಲ್ಕು ಸಂಜೆ ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ಕೂತು ಎಲೆ ಅಡಿಕೆ ಹಾಕ್ಕೊಂಡು ಬರೀ ಕೇಳಿದರು. ಇವರು ಯಾವಾಗ ಬಾಯಿ ಬಿಡ್ತಾರೋ ಅಂತ ನನಗೇ ಸಿಟ್ಟು ಬಂತು. ಮಾವ ಗೇಣಿಗಿಂತ ನೀರಿನ ಮಾತೇ ಹೆಚ್ಚು ಆಡಿದರಂತೆ.

ಐದನೇ ದಿನ ಮಳೆ ಹುಯ್ಯುವಾಗ ಅಜ್ಜ ಗೋಣಿಚೀಲ ಹೊದ್ದು ಬಿದ್ದ ಗೋಡೆ ಹತ್ರ ನಿಂತು ಇಬ್ಬರನ್ನೂ ಕೂಗಿದರು. ನಮ್ಮ ಹೆಂಚಿನ ಸೂರಿನ ನೀರು ನೇರ ಗೋಡೆಯ ಬುಡಕ್ಕೇ ಬೀಳ್ತಿತ್ತು. ಬುಡ ನೆನೆದು ನೆನೆದೇ ಗೋಡೆ ಕುಸಿದಿತ್ತು. ಮಾವ ಮೂರು ವರ್ಷದಿಂದ ಹೇಳಿದ್ದರೂ ಅಪ್ಪ ಕಿವಿಗೆ ಹಾಕ್ಕೊಂಡಿರಲಿಲ್ಲ. ಅಪ್ಪ ತಲೆ ಬಗ್ಗಿಸಿ ನಿಂತರು.

ಮಳೆ ನಿಂತ ಮೇಲೆ ಅಜ್ಜ ಒಬ್ಬರಿಗೆ ಹಾರೆ, ಇನ್ನೊಬ್ಬರಿಗೆ ಗುದ್ದಲಿ ಕೊಟ್ಟು ಅಗೆಸಿದರು. ಮೊಳದಾಳದಲ್ಲಿ ಹಳೇ ಪಾಯದ ಕಲ್ಲು ಸಾಲಾಗಿ ಸಿಕ್ಕವು. ಅಪ್ಪನ ದಾರ ಆಚೆ ಹೋಗಿದ್ದು ನಿಜ, ಆದರೆ ನಾಲ್ಕೇ ಬೆರಳು! ಆ ಕಲ್ಲಿನ ಮೇಲೇ ಗೋಡೆ ಎದ್ದಿತು. ಖರ್ಚು ಅರ್ಧ ಅರ್ಧ. ಸೂರಿಗೆ ತಗಡಿನ ದೋಣಿ ಮಾತ್ರ ಅಪ್ಪನ ಲೆಕ್ಕಕ್ಕೆ.

ಅವಳು ಇನ್ನೂ ಬೇರೆ ಸಾಲಲ್ಲೇ ಕೂರ್ತಾಳೆ. ನಿನ್ನೆ ಪೆನ್ಸಿಲ್ ಕೇಳಿದಳು, ಕೊಟ್ಟೆ.