ಟ್ಯಾಬ್ಲೆಟ್‌ನ ದಾಸ್ತಾನು ಲೆಕ್ಕ

ನಮ್ಮ ಮನೆಯಲ್ಲಿ ಒಂದೇ ಟ್ಯಾಬ್ಲೆಟ್. ಅದರ ಮೇಲೆ ಹಕ್ಕು ಮಾತ್ರ ಮೂರು ಜನರಿಗೆ. ನನಗೆ ಅಕೌಂಟೆನ್ಸಿ ಮತ್ತು ಬಿಸಿನೆಸ್ ಸ್ಟಡೀಸ್‌ನ ಪಿಡಿಎಫ್‌ಗಳು ಬೇಕು. ಮಣಿಪಾಲದಲ್ಲಿ ಓದುವ ಆಪಾ ರಜೆಗೆ ಬಂದಾಗ ಅವಳ ಇ-ಪುಸ್ತಕಗಳು ಬೇಕು. ದಾದಿಗೆ ಉರ್ದು ಕಥೆಗಳ ಪಾಡ್‌ಕಾಸ್ಟ್ ಬೇಕು. ಕಣ್ಣಿನ ಪೊರೆ ಬಂದ ಮೇಲೆ ದಾದಿಗೆ ಸಣ್ಣ ಅಕ್ಷರ ಕಾಣುವುದಿಲ್ಲ. ಹಾಗಾಗಿ ಕೇಳುವುದೇ ಅವರಿಗೆ ಓದು.

ಕಾಪುವಿನ ನಮ್ಮ ಮನೆಯಲ್ಲಿ ವೈಫೈ ಇಲ್ಲ. ಮೊಬೈಲ್ ಡೇಟಾ ಸಂಜೆಯೊಳಗೆ ಮುಗಿಯುತ್ತದೆ. ಕಾರ್ಕಳದ ಖಾಲಾ ಮನೆಗೆ ಹೋದ ಭಾನುವಾರಗಳಲ್ಲಿ ಟ್ಯಾಬ್ಲೆಟನ್ನು ತುಂಬಿಸಿಕೊಂಡು ಬರುತ್ತೇವೆ. ಹೀಗೆ ತುಂಬಿಸುವವರಿಗೆ ಅದು ಖಾಲಿಯಾಗುವ ದಾರಿಯೂ ಗೊತ್ತಿರಬೇಕು. ಅರ್ಧವಾರ್ಷಿಕ ಪರೀಕ್ಷೆಗೆ ಹತ್ತು ದಿನ ಇದ್ದಾಗ 32 ಜಿಬಿ ಟ್ಯಾಬ್ಲೆಟ್‌ನಲ್ಲಿ ಉಳಿದದ್ದು 400 ಎಂಬಿಗಿಂತ ಕಡಿಮೆ. ತರಗತಿಯ ಗುಂಪಿನಲ್ಲಿ ಬಂದ ಮಾದರಿ ಪ್ರಶ್ನೆಪತ್ರಿಕೆಗಳು ಇಳಿಯಲೇ ಇಲ್ಲ.

ಅಂಗಡಿಯವರು ವರ್ಷಕ್ಕೊಮ್ಮೆ ಸ್ಟಾಕ್ ಎಣಿಸುತ್ತಾರೆ. ನಾನೂ ಆಪಾನೂ ಅದೇ ರೀತಿ ಕುಳಿತು ಎಣಿಸಿದೆವು. ಪಾಡ್‌ಕಾಸ್ಟ್ ಆ್ಯಪ್ ಒಂದೇ 6.2 ಜಿಬಿ ಹಿಡಿದಿತ್ತು. ಅದರಲ್ಲಿ 142 ಕಂತುಗಳಿದ್ದವು. ಸೆಕೆಂಡಿಗೆ 128 ಕಿಲೋಬಿಟ್ ವೇಗದ ಧ್ವನಿ ಕಡತ ನಿಮಿಷಕ್ಕೆ ಸುಮಾರು ಒಂದು ಎಂಬಿ ತಿನ್ನುತ್ತದೆ. ಮುಕ್ಕಾಲು ಗಂಟೆಯ ಕಥೆ ಎಂದರೆ 44 ಎಂಬಿ ಆಸುಪಾಸು. ‘ತಲೆ-ಹರಟೆ’ಯಂಥ ಕನ್ನಡ ಪಾಡ್‌ಕಾಸ್ಟ್‌ನ ಉದ್ದದ ಮಾತುಕತೆಗೆ ಇನ್ನೂ ಹೆಚ್ಚು ಜಾಗ ಬೇಕು.

ನಾವು ಬಳಸುವುದು ಆಂಟೆನಾಪಾಡ್ ಎಂಬ ಉಚಿತ ಆ್ಯಪ್. ಕೇಳಿ ಮುಗಿದ ಕಂತನ್ನು ತಾನಾಗಿ ಅಳಿಸುವ ಸೆಟ್ಟಿಂಗ್ ಅದರಲ್ಲಿದೆ. ಅದನ್ನು ಆನ್ ಮಾಡಿದರೆ ಕೆಲಸ ಮುಗಿಯಿತು ಎಂದು ತೋರಬಹುದು. ಆದರೆ ಆ್ಯಪ್‌ನ ಲೆಕ್ಕದಲ್ಲಿ ‘ಕೇಳಿ ಮುಗಿದದ್ದು’ ಎಂದರೆ ಹೆಚ್ಚುಕಡಿಮೆ ಕೊನೆಯವರೆಗೂ ಓಡಿದ್ದು. ನಮ್ಮ 142ರಲ್ಲಿ ಹಾಗೆ ಮುಗಿದಿದ್ದವು ಬರೀ 31. ಅರ್ಧಕ್ಕೆ ನಿಂತವು 58. ಮುಟ್ಟದೇ ಇದ್ದವು 53.

ಆ 58ನ್ನು ಒಂದೊಂದಾಗಿ ತೆರೆದು ನೋಡಿದಾಗ ಗುಟ್ಟು ಗೊತ್ತಾಯಿತು. 37 ಕಂತುಗಳಲ್ಲಿ ಉಳಿದಿದ್ದದ್ದು ಒಂದು ನಿಮಿಷಕ್ಕಿಂತ ಕಡಿಮೆ. ಕಥೆ ಮುಗಿದ ಮೇಲೆ ಬರುವ ಧನ್ಯವಾದ, ಜಾಹೀರಾತು, ಸಂಗೀತ. ಅದನ್ನು ಯಾರು ಕೇಳುತ್ತಾರೆ? ನಮಗೆ ಮುಗಿದಿದ್ದರೂ ಆ್ಯಪ್‌ಗೆ ಮುಗಿದಿಲ್ಲ. ಹಾಗಾಗಿ ತಾನಾಗಿ ಅಳಿಸುವ ವ್ಯವಸ್ಥೆ ಅವುಗಳ ಹತ್ತಿರವೂ ಬರುವುದಿಲ್ಲ. ಇದಕ್ಕೆ ಸೆಟ್ಟಿಂಗ್‌ಗಳಲ್ಲಿ `Smart mark as played` ಎಂಬ ಬೇರೆಯೇ ಆಯ್ಕೆ ಇದೆ. ಕೊನೆಯಲ್ಲಿ ಎಷ್ಟು ಸೆಕೆಂಡು ಉಳಿದಿದ್ದರೂ ಮುಗಿದಂತೆ ಎಣಿಸಬೇಕು ಎಂದು ಅಲ್ಲಿ ಹೇಳಬಹುದು. ನಾವು ಒಂದು ನಿಮಿಷ ಇಟ್ಟೆವು. ಹಳೆಯ 37ನ್ನು ಕೈಯಿಂದಲೇ ಆಯ್ದು ಅಳಿಸಿದೆವು. ಹೊಸದಾಗಿ ಕೇಳುವವು ಇನ್ನು ತಾವಾಗಿ ಹೋಗುತ್ತವೆ.

ಅಳಿಸುವ ಸೆಟ್ಟಿಂಗನ್ನು ಆನ್ ಮಾಡುವ ಮುಂಚೆ ದಾದಿಯನ್ನು ಕೇಳಬೇಕಿತ್ತು. “ಮುಗಿದ ಕಥೆಗಳು ತಾವಾಗಿ ಅಳಿದುಹೋಗುತ್ತವೆ, ದಾದಿ, ಆಗಬಹುದಾ?” ಎಂದೆ. ದಾದಿ ತಸ್ಬೀಹ್ ಕೆಳಗಿಟ್ಟು, “ಕಥೆ ಮುಗಿದಿದ್ದು ಅದಕ್ಕೆ ಬೇಟಾ, ನನಗೆ ಮುಗಿದಿಲ್ಲ” ಎಂದರು.

ದಾದಿಯ ಮಾತಿನಲ್ಲಿ ನ್ಯಾಯವಿದೆ. ಅವರು ಒಂದೇ ಕಥೆಯನ್ನು ನಾಲ್ಕು ಸಲ ಕೇಳುತ್ತಾರೆ. ಎರಡನೇ ಸಲ ಕೇಳುವಾಗ ಅದು ಇಲ್ಲ ಎಂದರೆ ಮುಂದಿನ ಕಾರ್ಕಳದ ಭಾನುವಾರದವರೆಗೆ ಕಾಯಬೇಕು. ಆಗಲೂ ಸಿಗುತ್ತದೆ ಎಂಬ ಖಾತ್ರಿ ಇಲ್ಲ. ಕೆಲವು ಪಾಡ್‌ಕಾಸ್ಟ್‌ಗಳ ಪಟ್ಟಿಯಲ್ಲಿ ಇತ್ತೀಚಿನ ಕಂತುಗಳು ಮಾತ್ರ ಇರುತ್ತವೆ, ಹಳೆಯವು ಕೆಳಗಿನಿಂದ ಬಿದ್ದುಹೋಗುತ್ತವೆ. ಆದ್ದರಿಂದ ಮೊದಲು ದಾದಿಯ ಪಕ್ಕ ಕುಳಿತು, ಅವರು ಹೇಳಿದ ಒಂಬತ್ತು ಕಥೆಗಳಿಗೆ ನಕ್ಷತ್ರದ ಗುರುತು ಹಾಕಿದೆ. ಮೆಚ್ಚಿದ ಕಂತುಗಳನ್ನು ಉಳಿಸಿಕೊಳ್ಳುವ `Keep favorite episodes` ಆನ್ ಇದೆಯೇ ಎಂದು ನೋಡಿದೆ. ಅಳಿಸುವ ಸೆಟ್ಟಿಂಗನ್ನು ಒತ್ತಿದ್ದು ಆಮೇಲೆ. ಈ ಕ್ರಮ ತಿರುವುಮುರುವಾಗಬಾರದು. ಬೇಕಿದ್ದರೆ ಒಂದು ಪಾಡ್‌ಕಾಸ್ಟ್‌ಗೆ ಮಾತ್ರ ‘ಎಂದೂ ಅಳಿಸಬೇಡ’ ಎಂದು ಅದರ ಸ್ವಂತ ಸೆಟ್ಟಿಂಗ್‌ನಲ್ಲಿ ಹೇಳಲೂ ಬರುತ್ತದೆ.

ಮುಟ್ಟದೇ ಇದ್ದ 53ರಲ್ಲಿ 40ನ್ನು ತೆಗೆದೆವು, ಬೇಕಾದಾಗ ಮತ್ತೆ ತರಬಹುದು ಎಂಬ ಧೈರ್ಯದಿಂದ. ತಾನಾಗಿ ಇಳಿಸಿಕೊಳ್ಳುವುದಕ್ಕೆ 50 ಕಂತುಗಳ ಮಿತಿ ಹಾಕಿದೆವು. ಮಿತಿ ತುಂಬಿದಾಗ ಏನಾಗಬೇಕು ಎಂಬುದನ್ನೂ ನಾವೇ ಆರಿಸಬೇಕು. ನೋಡದೆ ಆರಿಸಿದರೆ ಹೊಸದಕ್ಕೆ ಜಾಗ ಮಾಡಲು ಇನ್ನೂ ಕೇಳದ ಕಂತೇ ಹೋಗಬಹುದು. ಕೇಳಿ ಮುಗಿದದ್ದು ಮಾತ್ರ ಹೋಗಲಿ ಎಂದು ಆರಿಸಿದೆವು. ಒಟ್ಟು 99 ಕಂತುಗಳು ಹೋಗಿ 43 ಉಳಿದವು. ಸಿಕ್ಕ ಜಾಗ 4.3 ಜಿಬಿಗೂ ಹೆಚ್ಚು.

ಪುಸ್ತಕಗಳ ಕಥೆ ಬೇರೆ. ಪಿಡಿಎಫ್‌ಗೆ ‘ಓದಿ ಮುಗಿಯಿತು’ ಎಂಬುದೇ ಇಲ್ಲ, ಹಾಗಾಗಿ ತಾನಾಗಿ ಅಳಿಸುವ ನಿಯಮವನ್ನು ತಗುಲಿಸಲು ಕೊಕ್ಕೆ ಇಲ್ಲ. ಕಾಮರ್ಸ್ ಭಾಷೆಯಲ್ಲಿ ಹೇಳಿದರೆ ಪಾಡ್‌ಕಾಸ್ಟ್ ಚಾಲ್ತಿ ಆಸ್ತಿ, ಬಂದು ಹೋಗುತ್ತದೆ. ಪುಸ್ತಕ ಸ್ಥಿರ ಆಸ್ತಿ. ಅದರಲ್ಲೂ ಎರಡು ಬಗೆ. ಎನ್‌ಸಿಇಆರ್‌ಟಿಯ ಅಧ್ಯಾಯಗಳು ಅವರ ಜಾಲತಾಣದಲ್ಲಿ ಯಾವಾಗಲೂ ಸಿಗುತ್ತವೆ. ಸೀನಿಯರ್ ಒಬ್ಬರು ಗುಂಪಿಗೆ ಹಾಕಿದ ಕೈಬರಹದ ನೋಟ್ಸ್ ಒಮ್ಮೆ ಹೋದರೆ ಹೋಯಿತು. ಇವನ್ನು ಅಳಿಸುವ ಮಾತೇ ಇಲ್ಲ, ಪೆನ್‌ಡ್ರೈವ್‌ಗೂ ಒಂದು ಪ್ರತಿ ಹಾಕಿದೆ.

ಆಪಾ ಇಂಟರ್ನೆಟ್ ಆರ್ಕೈವ್‌ನಿಂದ ಇಳಿಸಿದ ಹಳೆಯ ಕನ್ನಡ ಪುಸ್ತಕಗಳು ಸ್ಕ್ಯಾನ್ ಪ್ರತಿಗಳು. ಪ್ರತಿ ಪುಟವೂ ಒಂದು ಚಿತ್ರವಾದ್ದರಿಂದ ಒಂದೊಂದು ಪುಸ್ತಕ ಹತ್ತಾರು ಎಂಬಿ. ಅಕ್ಷರ ಮಾತ್ರ ಇರುವ ಇಪಬ್ ಕಡತ ಒಂದೆರಡು ಎಂಬಿಯಲ್ಲೇ ಮುಗಿಯುತ್ತದೆ. ಕಡತಗಳನ್ನು ಗಾತ್ರದ ಕ್ರಮದಲ್ಲಿ ಜೋಡಿಸಿದರೆ ದೊಡ್ಡವು ಮೇಲೆ ಬಂದು ಕೂರುತ್ತವೆ. ಹೆಸರಿನ ಕೊನೆಯಲ್ಲಿ (1), (2) ಇದ್ದರೆ ಅದು ಅದೇ ಕಡತದ ಎರಡನೇ, ಮೂರನೇ ಪ್ರತಿ ಇರಬಹುದು. ಗಾತ್ರ ಒಂದೇ ಇದೆಯೇ ನೋಡಿ, ತೆರೆದು ನೋಡಿ, ಆಮೇಲೆ ತೆಗೆಯಬೇಕು. ನಮ್ಮಲ್ಲಿ ಇಂಥವೇ 620 ಎಂಬಿ ಇದ್ದವು.

ಅವನ್ನು ಅಳಿಸಿದ ಮೇಲೂ ಖಾಲಿ ಜಾಗದ ಅಂಕಿ ಕದಲಲಿಲ್ಲ. ಗೂಗಲ್‌ನ ಫೈಲ್ಸ್ ಆ್ಯಪ್‌ನಲ್ಲಿ ಅಳಿಸಿದ್ದು ಮೊದಲು ಕಸದ ಬುಟ್ಟಿಗೆ ಹೋಗುತ್ತದೆ, 30 ದಿನ ಅಲ್ಲೇ ಜಾಗ ಹಿಡಿದು ಕೂರುತ್ತದೆ. ತಪ್ಪಿ ಅಳಿಸಿದ್ದನ್ನು ವಾಪಸ್ ತರಲು ಇದು ಒಳ್ಳೆಯದು. ಜಾಗ ತುರ್ತಾಗಿ ಬೇಕಿದ್ದರೆ ಬುಟ್ಟಿಯನ್ನೂ ಖಾಲಿ ಮಾಡಬೇಕು. ಇನ್ನೊಂದು ಎಚ್ಚರ: ಟ್ಯಾಬ್ಲೆಟ್‌ನ ಸೆಟ್ಟಿಂಗ್‌ನಲ್ಲಿ ಆ್ಯಪ್‌ನ ಹೆಸರಿನ ಕೆಳಗೆ `Clear cache` ಪಕ್ಕದಲ್ಲೇ `Clear storage` ಇರುತ್ತದೆ. ಮೊದಲನೆಯದು ತಾತ್ಕಾಲಿಕ ಕಡತಗಳನ್ನು ಮಾತ್ರ ತೆಗೆಯುತ್ತದೆ. ಎರಡನೆಯದನ್ನು ಒತ್ತಿದರೆ ಕಂತು, ನಕ್ಷತ್ರ, ಚಂದಾ ಪಟ್ಟಿ ಎಲ್ಲವೂ ಹೋಗುತ್ತದೆ.

ಪ್ರಶ್ನೆಪತ್ರಿಕೆಗಳು ಆ ರಾತ್ರಿಯೇ ಇಳಿದವು. ದಾದಿಯ ಒಂಬತ್ತು ಕಥೆಗಳು ಈಗ ಹನ್ನೊಂದಾಗಿವೆ. ಹೊಸ ಕಥೆ ಮುಗಿದ ಕೂಡಲೇ ಅವರು ನನ್ನನ್ನು ಕರೆಯುತ್ತಾರೆ, “ಇದಕ್ಕೂ ನಕ್ಷತ್ರ ಹಾಕು” ಎಂದೋ “ಇದು ಹೋಗಲಿ” ಎಂದೋ ಹೇಳುತ್ತಾರೆ. ಹೆಚ್ಚಿನವು ಹೋಗುತ್ತವೆ.