ಬೊಳ್ಳಿಯ ಮುಪ್ಪು, ಒಂದು ಪೆಟ್ಟಿಗೆ, ಒಂದಿಷ್ಟು ಮಣ್ಣು

ನಮ್ಮ ಮನೆಯ ಬೊಳ್ಳಿಗೆ ಈಗ 15 ವರ್ಷ. ತುಳುವಿನಲ್ಲಿ ಬೊಳ್ಳಿಯೆಂದರೆ ಬೆಳ್ಳಿ. ಮೈಬಣ್ಣಕ್ಕೆ ಒಪ್ಪುವ ಹೆಸರೆಂದು ಮೊಮ್ಮಗಳು ಇಟ್ಟದ್ದು. ಕಾಸರಗೋಡಿನ ನಮ್ಮಂಥ ತೋಟದ ಮನೆಗಳಲ್ಲಿ ಬೆಕ್ಕಿಗೆಂದು ಬೇರೆ ಶೌಚದ ಏರ್ಪಾಡು ಮಾಡುವ ವಾಡಿಕೆಯಿಲ್ಲ. ಅಂಗಳ ದಾಟಿದರೆ ತೆಂಗಿನ ಬುಡದ ಸಡಿಲ ಮಣ್ಣಿದೆ. ಕೆದಕುವುದು, ಕುಳಿತುಕೊಳ್ಳುವುದು, ಮುಚ್ಚಿ ಬರುವುದು ಎಲ್ಲವೂ ಅಲ್ಲಿಯೇ. ಜಡಿಮಳೆಯ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಹಿಂದಿನ ಜಗಲಿಯಲ್ಲಿ ಒಂದು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಹೊಳೆಯ ಮರಳು ತುಂಬಿಡುತ್ತಿದ್ದೆವು. ಬೊಳ್ಳಿ ಹತ್ತು ಹನ್ನೆರಡು ಮಳೆಗಾಲಗಳನ್ನು ಆ ಪೆಟ್ಟಿಗೆಯಲ್ಲಿ ನಿರಾತಂಕವಾಗಿ ಕಳೆಯಿತು.

ಎರಡು ವರ್ಷಗಳ ಹಿಂದಿನ ಮಳೆಗಾಲದಲ್ಲಿ ಪೆಟ್ಟಿಗೆಯ ಹೊರಗೆ, ಅದರ ಅಂಚಿಗೆ ತಾಗಿಯೇ, ನೆಲ ಒದ್ದೆಯಾಗತೊಡಗಿತು. ರಜೆಯಲ್ಲಿ ಬಂದಿದ್ದ ಮಗ ಮೂಗು ಮುಚ್ಚಿಕೊಂಡು, "ಅಪ್ಪ, ಇದನ್ನು ಇನ್ನು ಹಟ್ಟಿಯ ಕಡೆಗೇ ಬಿಡುವುದು ಒಳ್ಳೆಯದು" ಎಂದ. ಹಟ್ಟಿಯಲ್ಲಿ ದನಗಳಿಲ್ಲದೆ ಎಷ್ಟೋ ವರ್ಷಗಳಾದುವು; ಬಾಗಿಲಿಲ್ಲ, ರಾತ್ರಿ ನಾಯಿಗಳು ಸುತ್ತುತ್ತವೆ. ಓಡಲಾರದ ಬೆಕ್ಕನ್ನು ಅಲ್ಲಿಗೆ ಬಿಡುವುದೆಂದರೆ ಏನೆಂಬುದು ನಮಗಿಬ್ಬರಿಗೂ ತಿಳಿದಿತ್ತು. ನಮ್ಮ ಶ್ರೀಮತಿಯವರು ಆ ದಿನ ಮಧ್ಯಾಹ್ನ ಬಾಗಿಲ ಸಂದಿಯಲ್ಲಿ ನಿಂತು ಬೊಳ್ಳಿಯನ್ನು ಗಮನಿಸಿದರು. ಬಂದು ಹೇಳಿದ್ದು ಇಷ್ಟೇ: "ಇದು ಹಟವಲ್ಲ ಮಾರಾಯ್ರೇ. ಮುಂದಿನ ಎರಡು ಕಾಲು ಒಳಗಿಡುತ್ತದೆ, ಹಿಂದಿನದನ್ನು ಎತ್ತಲಿಕ್ಕೆ ಆಗುವುದಿಲ್ಲ. ನಿಂತಲ್ಲಿಯೇ ಮುಗಿಸುತ್ತದೆ."

ಪಶುವೈದ್ಯರು ಆ ಮಾತನ್ನೇ ಕ್ಷಕಿರಣದ ಚಿತ್ರದಲ್ಲಿ ತೋರಿಸಿಕೊಟ್ಟರು. ಸೊಂಟದ ಎರಡೂ ಕೀಲುಗಳು, ಬೆನ್ನೆಲುಬಿನ ಕೆಳಭಾಗ ಮತ್ತು ಮುಂಗಾಲಿನ ಮೊಣಕೈ ಸವೆದಿದ್ದುವು. ನಾಯಿಗೆ ಸಂಧಿವಾತವಾದರೆ ಕುಂಟುತ್ತದೆ, ನಮಗೆ ತಿಳಿಯುತ್ತದೆ. ಬೆಕ್ಕು ಕುಂಟುವುದು ಅಪರೂಪ. ಎರಡು ಪಕ್ಕಗಳೂ ಒಟ್ಟಿಗೆ ನೋಯುವುದರಿಂದ ಕುಂಟಲು ಒಳ್ಳೆಯ ಕಾಲೇ ಉಳಿದಿರುವುದಿಲ್ಲ. ಅದು ಕೆಲಸಗಳನ್ನೇ ಕಡಿಮೆ ಮಾಡುತ್ತದೆ. ಕಪಾಟಿನ ಮೇಲೆ ಹಾರುತ್ತಿದ್ದುದು ಕುರ್ಚಿಗೆ ಇಳಿಯುತ್ತದೆ, ಕುರ್ಚಿಯಿಂದ ನೆಲಕ್ಕೆ. ಸೊಂಟದ ಬಳಿಯ ರೋಮ ನೆಕ್ಕಲಾಗದೆ ಗಂಟುಕಟ್ಟುತ್ತದೆ. ಉಗುರು ಸವೆಯದೆ ಬೆಳೆದು ನೆಲದ ಮೇಲೆ ಟಿಕ್ ಟಿಕ್ ಎನ್ನುತ್ತದೆ. ಇವೆಲ್ಲವೂ ಬೊಳ್ಳಿಯಲ್ಲಿದ್ದುವು. ನೋವಿಗೆ ವೈದ್ಯರು ಬೆಕ್ಕಿಗೆ ಸಲ್ಲುವ ಔಷಧವನ್ನೇ ತೂಕ ನೋಡಿ ಕೊಟ್ಟರು. ಜೊತೆಗೆ ಒಂದು ಎಚ್ಚರಿಕೆಯನ್ನೂ ಹೇಳಿದರು. ಅದನ್ನು ಇಲ್ಲಿ ದಾಖಲಿಸಲೇಬೇಕು. ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರೆಯ ಒಂದು ತುಂಡು ಕೂಡ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ಕರುಣೆಯಿಂದ ಕೊಟ್ಟರೂ ಅಷ್ಟೇ.

ಔಷಧದಿಂದ ನೋವು ತಗ್ಗಿದರೂ ಸವೆದ ಕೀಲು ಹೊಸದಾಗುವುದಿಲ್ಲ. ಹೀಗಾಗಿ ಬದಲಾಗಬೇಕಾದದ್ದು ಪೆಟ್ಟಿಗೆ. ನಾವು ನಿವೃತ್ತರಾದ ಮೇಲೆ ಅಳತೆಪಟ್ಟಿ ಹಿಡಿದು ಒಂದು ಕಾರ್ಯವನ್ನು ಇಷ್ಟು ಶ್ರದ್ಧೆಯಿಂದ ಮಾಡಿದ್ದು ಇದೇ ಮೊದಲು. ಬೊಳ್ಳಿಯ ಮೂಗಿನಿಂದ ಬಾಲದ ಬುಡದವರೆಗೆ 44 ಸೆಂಟಿಮೀಟರ್. ಪೆಟ್ಟಿಗೆಯ ಉದ್ದ ಅದರ ಒಂದೂವರೆ ಪಾಲಿಗೆ ಕಡಿಮೆಯಿರಬಾರದೆಂಬುದು ಬಲ್ಲವರ ಲೆಕ್ಕ, ಅಂದರೆ 66. ಸಾಕುಪ್ರಾಣಿಗಳ ಅಂಗಡಿಯಲ್ಲಿ ದೊರೆಯುವ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಇದಕ್ಕಿಂತ ಬಹಳ ಚಿಕ್ಕವು. ಎಳೆಯ ಬೆಕ್ಕು ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ಅಷ್ಟರಲ್ಲಿಯೇ ತಿರುಗಿಬಿಡುತ್ತದೆ. ಬೆನ್ನು ಬಾಗದ ಮುದಿ ಬೆಕ್ಕಿಗೆ ದೋಣಿ ತಿರುಗಿಸಿದ ಹಾಗೆ ದೊಡ್ಡ ಸುತ್ತು ಬೇಕು. ಮುಚ್ಚಳವುಳ್ಳ, ಗುಹೆಯಂಥ ಪೆಟ್ಟಿಗೆಗಳು ನೋಡಲು ಚಂದ, ವಾಸನೆಯೂ ಹೊರಗೆ ಬಾರದು. ಆದರೆ ತಲೆ ತಗ್ಗಿಸಿ ಮೈ ಕುಗ್ಗಿಸಿ ನುಗ್ಗಬೇಕಾದ ಬಾಗಿಲು ನೋಯುವ ಮೊಣಕೈಗೆ ಶಿಕ್ಷೆಯೇ. ಮೇಲಿನಿಂದ ಜಿಗಿದು ಇಳಿಯುವ ಮಾದರಿಯ ಮಾತೇ ಬೇಡ.

ಕೊನೆಗೆ ಹಾಸಿಗೆ ಬಟ್ಟೆ ತುಂಬಿಡುವ ಪ್ಲಾಸ್ಟಿಕ್ ಡಬ್ಬವೊಂದನ್ನು ಮಂಗಳೂರಿನಿಂದ ತಂದೆವು. ಒಳಗಿನ ಉದ್ದ 68, ಅಗಲ 44, ಎತ್ತರ 32 ಸೆಂಟಿಮೀಟರ್. ಇಲ್ಲಿ ಪರಸ್ಪರ ವಿರುದ್ಧವಾದ ಎರಡು ಬೇಡಿಕೆಗಳಿವೆ. ಒಳಗೆ ಕಾಲಿಡಲು ಅಂಚು ತಗ್ಗಿರಬೇಕು. ಆದರೆ ಸೊಂಟ ನೋಯುವ ಬೆಕ್ಕು ಪೂರ್ತಿ ಕುಕ್ಕರಿಸುವುದಿಲ್ಲ, ಅರ್ಧ ನಿಂತೇ ಮೂತ್ರ ಮಾಡುತ್ತದೆ. ಧಾರೆ ನೆಲಕ್ಕೆ ಬೀಳದೆ ಗೋಡೆಗೆ ಬೀಳುತ್ತದೆ. ಆದುದರಿಂದ ಗೋಡೆ ಎತ್ತರವಿರಬೇಕು. ತಗ್ಗಾದ ಟ್ರೇ ಇಟ್ಟವರ ಮನೆಯಲ್ಲಿ ಬೆಕ್ಕು ಸಲೀಸಾಗಿ ಒಳಹೊಕ್ಕೂ ನೆಲ ಒದ್ದೆಯಾಗುವ ರಹಸ್ಯ ಇದೇ. ಒಂದೇ ಕಡೆ ಬಾಗಿಲು ಕತ್ತರಿಸಿ ಉಳಿದ ಗೋಡೆಗಳನ್ನು ಹಾಗೆಯೇ ಬಿಟ್ಟರೆ ಎರಡೂ ಬೇಡಿಕೆಗಳು ಈಡೇರುತ್ತವೆ.

ಬಾಗಿಲನ್ನು ಉದ್ದದ ಗೋಡೆಯ ಒಂದು ತುದಿಯಲ್ಲಿ, 25 ಸೆಂಟಿಮೀಟರ್ ಅಗಲಕ್ಕೆ, ತಳದಿಂದ 6 ಸೆಂಟಿಮೀಟರ್ ಉಳಿಸಿ ಗುರುತು ಮಾಡಿದೆವು. ತುದಿಯಲ್ಲಿ ಏಕೆಂದರೆ, ಒಳಹೊಕ್ಕ ಬೆಕ್ಕು ಪೆಟ್ಟಿಗೆಯ ಉದ್ದಕ್ಕೆ ಮೈಚಾಚಿ ನಿಂತರೆ ಅದರ ಹಿಂಭಾಗದ ಎದುರು ಗೋಡೆಯೇ ಇರುತ್ತದೆ, ಬಾಗಿಲಲ್ಲ. ಕತ್ತರಿಸುವ ಮುನ್ನ ಕೆಳಗಿನ ಎರಡು ಮೂಲೆಗಳಲ್ಲಿ ಸಣ್ಣ ದುಂಡನೆಯ ತೂತು ಕೊರೆಯಬೇಕು. ಚೂಪು ಮೂಲೆಯಾದರೆ ಪ್ಲಾಸ್ಟಿಕ್ ಅಲ್ಲಿಂದಲೇ ಬಿರುಕುಬಿಟ್ಟು ತಳದವರೆಗೆ ಸೀಳುತ್ತದೆ. ನಯವಾದ ಹಲ್ಲಿನ ಕಬ್ಬಿಣದ ಗರಗಸದಿಂದ ನಿಧಾನವಾಗಿ ಕೊಯ್ದು, ಮರಳು ಕಾಗದದಿಂದ ಉಜ್ಜಿ, ತೋಟಕ್ಕೆ ನೀರು ಬಿಡುವ ಹಳೆಯ ಪೈಪಿನ ತುಂಡನ್ನು ಉದ್ದಕ್ಕೆ ಸೀಳಿ ಅಂಚಿಗೆ ತೊಡಿಸಿದೆವು. ಹೊಟ್ಟೆ ತಾಗಿದರೂ ತರಚದು. ನಮ್ಮದು ಕಾವಿ ಹಾಕಿದ ನುಣುಪು ನೆಲ. ಪೆಟ್ಟಿಗೆ ಜಾರದಂತೆ ಅಡಿಗೆ ರಬ್ಬರಿನ ಚಾಪೆ, ಬಾಗಿಲ ಮುಂದೆಯೂ ಅದರದೇ ಒಂದು ತುಂಡು. ಒಮ್ಮೆ ಕಾಲಡಿಯಲ್ಲಿ ಜಾರಿದ ಪೆಟ್ಟಿಗೆಯನ್ನು ಬೆಕ್ಕು ಮರೆಯುವುದಿಲ್ಲ. ಜಾಗವನ್ನೂ ಬದಲಿಸಿದೆವು. ಜಗಲಿಗೆ ಮುರಕಲ್ಲಿನ ಎರಡು ಮೆಟ್ಟಿಲು ಇಳಿಯಬೇಕಿತ್ತು. ಈಗ ಅದು ಮಲಗುವ ಕೋಣೆಯ ಪಕ್ಕದ ಒಳಹಾದಿಯಲ್ಲಿ, ಊಟದ ತಟ್ಟೆಯಿಂದ ದೂರದಲ್ಲಿ, ಒಂದು ಸಣ್ಣ ರಾತ್ರಿದೀಪದ ಬೆಳಕಿನಲ್ಲಿದೆ.

ಇನ್ನು ಒಳಗೆ ಹಾಸುವ ವಸ್ತು. ಇದಕ್ಕೆ ಇಂಗ್ಲಿಷಿನಲ್ಲಿರುವ ಹೆಸರು ಕನ್ನಡದ ಬಾಯಿಯಲ್ಲಿ ಎಣ್ಣೆ ಹಾಲು ಅಳೆಯುವ ಲೀಟರಿನಂತೆಯೇ ಕೇಳಿಸುವುದರಿಂದ ನಮ್ಮ ಮನೆಯಲ್ಲಿ ನಾವು 'ಹಾಸು' ಎನ್ನುತ್ತೇವೆ. ಪಾಶ್ಚಾತ್ಯರೂ ಹಿಂದೆ ಮರಳು, ಬೂದಿಗಳನ್ನೇ ಬಳಸುತ್ತಿದ್ದರು. 1947ರಲ್ಲಿ ಅಮೆರಿಕದ ಎಡ್ವರ್ಡ್ ಲೋ ಎಂಬವರು ನೀರು ಹೀರುವ ಒಂದು ಜೇಡಿಮಣ್ಣನ್ನು ನೆರೆಯವರಿಗೆ ಕೊಟ್ಟಲ್ಲಿಂದ ಈ ವ್ಯಾಪಾರ ಬೆಳೆಯಿತು. ನಮ್ಮ ಹೊಳೆಮರಳು ತೇವ ಹೀರುವುದಿಲ್ಲ, ಅಡಿಯಲ್ಲಿ ಮೂತ್ರ ನಿಂತು ನಾರುತ್ತದೆ, ಒದ್ದೆಯಾದರೆ ಎತ್ತಲಾಗದಷ್ಟು ಭಾರ. ಒಲೆಯ ಬೂದಿ ನೀರು ತಾಗಿದೊಡನೆ ಕ್ಷಾರವಾಗಿ ಪಾದ ಉರಿಸುತ್ತದೆ. ಅಂಗಡಿಯ ಮರದ ಗುಳಿಗೆಗಳು ವಾಸನೆಗೆ ಒಳ್ಳೆಯವು, ಆದರೆ ಕಾಲಡಿಯಲ್ಲಿ ಉರುಳುತ್ತವೆ; ನಾವು ಗೋಲಿಗಳ ಮೇಲೆ ನಡೆದಂತೆ. ಸಿಲಿಕಾ ಹರಳುಗಳು ಚುಚ್ಚುತ್ತವೆ. ಸುಗಂಧ ಬೆರೆಸಿದ್ದು ಮನುಷ್ಯರ ಮೂಗಿಗಾಗಿ ಮಾಡಿದ್ದು, ಬೆಕ್ಕಿಗೆ ಹಿತವಲ್ಲ.

ಉಳಿದದ್ದು ಎರಡು: ನಮ್ಮೂರಿನಲ್ಲಿ ಹೇರಳವಾಗಿರುವ ತೆಂಗಿನ ನಾರಿನ ಹುಡಿ, ಮತ್ತು ಕಛ್ ಹಾಗೂ ಬಾರ್ಮೇರ್ ಕಡೆಯಿಂದ ಬರುವ ಬೆಂಟೊನೈಟ್ ಎಂಬ ಜೇಡಿಮಣ್ಣು, ಸಣ್ಣ ಕಾಳಿನದು. ಯಾವುದು ಮೇಲೆಂದು ಬೊಳ್ಳಿಯನ್ನೇ ಕೇಳಿದೆವು. ಒಂದೇ ಅಳತೆಯ ಎರಡು ಪೆಟ್ಟಿಗೆಗಳನ್ನು ಅಕ್ಕಪಕ್ಕದಲ್ಲಿಟ್ಟು, ಒಂದಕ್ಕೆ ನಾರಿನ ಹುಡಿ, ಇನ್ನೊಂದಕ್ಕೆ ಜೇಡಿಮಣ್ಣು ಹಾಕಿ, ಎಂಟು ದಿನ ಲೆಕ್ಕ ಬರೆದೆವು. ನಾಲ್ಕನೆಯ ದಿನ ಪೆಟ್ಟಿಗೆಗಳ ಸ್ಥಾನವನ್ನು ಅದಲುಬದಲು ಮಾಡಿದೆವು. ಇಲ್ಲವಾದರೆ ಅದು ಆರಿಸುತ್ತಿರುವುದು ಹಾಸನ್ನೋ ಮೂಲೆಯನ್ನೋ ತಿಳಿಯುವುದಿಲ್ಲ. ಜೇಡಿಮಣ್ಣಿನಲ್ಲಿ 19 ಸಲ, ನಾರಿನ ಹುಡಿಯಲ್ಲಿ 6 ಸಲ. ನಾರಿನ ಹುಡಿಯ ಮೇಲೆ ನಮಗೆ ಊರಿನ ಅಭಿಮಾನವಿತ್ತೆಂಬುದನ್ನು ಮರೆಮಾಚುವುದಿಲ್ಲ. ಆದರೆ ಅದು ಮೆತ್ತಗೆ ಕುಸಿಯುತ್ತದೆ, ರೋಮಕ್ಕೆ ಅಂಟಿ ಮನೆಯೆಲ್ಲ ಹರಡುತ್ತದೆ, ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುತ್ತದೆ.

ಜೇಡಿಮಣ್ಣನ್ನು ದಪ್ಪವಾಗಿ ಸುರಿಯಬಾರದು. ದಪ್ಪ ಹಾಸಿನಲ್ಲಿ ಕಾಲು ಹೂತು, ಕಡಲತಡಿಯ ಒಣಮರಳಿನಲ್ಲಿ ನಡೆಯುವ ಶ್ರಮವಾಗುತ್ತದೆ. ನಮ್ಮ ಪೆಟ್ಟಿಗೆಗೆ 10 ಕಿಲೋ ಚೀಲವೊಂದನ್ನು ಸುರಿದರೆ ಸುಮಾರು 3 ಸೆಂಟಿಮೀಟರ್ ಬರುತ್ತದೆ; ಅದು ಸಾಕು. ತೆಳುವಾದುದರಿಂದ ಮೂತ್ರದ ಉಂಡೆ ತಳಕ್ಕೆ ಅಂಟುವುದುಂಟು. ಅದಕ್ಕಾಗಿ ದಿನಕ್ಕೆ ಎರಡು ಸಲ ತೆಗೆಯಬೇಕು, ಎಷ್ಟು ತೆಗೆದೆವೋ ಅಷ್ಟು ಹೊಸದನ್ನು ಸೇರಿಸಬೇಕು. ಈ ಮಣ್ಣು ಗಾಳಿಯ ತೇವವನ್ನೂ ಕುಡಿಯುತ್ತದೆ. ಒಡೆದ ಚೀಲವನ್ನು ಅಕ್ಕಿ ಡಬ್ಬದಂತೆ ಬಿಗಿಮುಚ್ಚಳದಲ್ಲಿಡದಿದ್ದರೆ ಪಾದಕ್ಕೆ ಮೆತ್ತುತ್ತದೆ. ತೆಗೆದದ್ದನ್ನು ನಮ್ಮ ಶೌಚಾಲಯಕ್ಕೆ ಸುರಿದರೆ ಉಬ್ಬಿ ಕೊಳವೆ ಕಟ್ಟಿಕೊಳ್ಳುವುದು ಖಂಡಿತ. ತರಕಾರಿ ಸಾಲಿಗೂ ಹಾಕಬಾರದು. ಬೆಕ್ಕಿನ ಮಲದಲ್ಲಿ ಗರ್ಭಿಣಿಯರಿಗೆ ಕೇಡು ಮಾಡುವ ರೋಗಾಣು ಇರಬಹುದು. ತೋಟದ ಮೂಲೆಯ ಗುಂಡಿಯೇ ಅದಕ್ಕೆ ಸ್ಥಳ.

ಉಂಡೆ ಕಟ್ಟುವ ಹಾಸಿನ ಇನ್ನೊಂದು ಪ್ರಯೋಜನ ನಮಗೆ ಆಮೇಲೆ ಒದಗಿತು. ಬೊಳ್ಳಿಯದು ದಿನಕ್ಕೆ ಎರಡೋ ಮೂರೋ, ನಿಂಬೆಹಣ್ಣಿನ ಗಾತ್ರದ ಉಂಡೆಗಳು. ಕಳೆದ ಮಾಘ ಮಾಸದಲ್ಲಿ ಅವು ನಾಲ್ಕೈದಾಗಿ, ಗಾತ್ರವೂ ಕಿತ್ತಳೆಯಷ್ಟಾಯಿತು. ಮರಳಿನಲ್ಲಿ ಇದು ಗೊತ್ತೇ ಆಗುತ್ತಿರಲಿಲ್ಲ. ರಕ್ತಪರೀಕ್ಷೆಯಲ್ಲಿ ಮೂತ್ರಪಿಂಡದ ದೌರ್ಬಲ್ಯ ಆರಂಭದಲ್ಲಿಯೇ ಕಂಡುಬಂದು, ವೈದ್ಯರು ನೋವಿನ ಔಷಧದ ಪ್ರಮಾಣವನ್ನೂ ಆಹಾರವನ್ನೂ ಬದಲಿಸಿದರು. ಇದಕ್ಕೆ ವಿಪರೀತವಾದುದು ಇನ್ನೂ ಭಯಂಕರ: ಗಂಡು ಬೆಕ್ಕು ಪೆಟ್ಟಿಗೆಗೆ ಮತ್ತೆ ಮತ್ತೆ ಹೋಗಿ ಮುಕ್ಕಿರಿದೂ ಒಂದು ಉಂಡೆಯೂ ಇಲ್ಲವೆಂದಾದರೆ ನಾಳೆಯವರೆಗೆ ಕಾಯಬಾರದು, ಮೂತ್ರನಾಳ ಕಟ್ಟಿದೆಯೆಂದೇ ತಿಳಿದು ಆ ಗಳಿಗೆಯಲ್ಲಿಯೇ ವೈದ್ಯರಲ್ಲಿಗೆ ಒಯ್ಯಬೇಕು.

ಪೆಟ್ಟಿಗೆ ಎಲ್ಲವನ್ನೂ ಸರಿಪಡಿಸಿತೆಂದಲ್ಲ. ಮೂತ್ರ ಒಂದು ವಾರದೊಳಗೆ ಪೂರ್ತಿ ಒಳಗಾಯಿತು. ಮಲ ಮಾತ್ರ ಆಗಾಗ ಬಾಗಿಲ ಮುಂದಿನ ಚಾಪೆಯ ಮೇಲೆ. ಅದಕ್ಕೆ ಹೆಚ್ಚು ಹೊತ್ತು ಬಾಗಿ ನಿಲ್ಲಬೇಕು, ನೋವಾದರೆ ನಡುವಿನಲ್ಲಿಯೇ ಹೊರಬರುತ್ತದೆ. ಪರೀಕ್ಷೆಗೆಂದು ಮಾಡಿದ ಎರಡನೆಯ ಪೆಟ್ಟಿಗೆಗೂ ಜೇಡಿಮಣ್ಣು ತುಂಬಿ ಅಡುಗೆಮನೆಯ ಆಚೆ ಬದಿಗೆ ಇಟ್ಟ ಮೇಲೆ ಅದೂ ಕಡಿಮೆಯಾಯಿತು. ಹಟ್ಟಿಯ ಮಾತನ್ನು ಮಗ ಮತ್ತೆ ಎತ್ತಲಿಲ್ಲ. ಬಂದಾಗ ಹಾಸಿನ ಚೀಲಗಳನ್ನು ಅವನೇ ಹೊತ್ತು ತರುತ್ತಾನೆ. ಈ ವರ್ಷ ಮಳೆ ಹಿಡಿಯುವ ಮುನ್ನ ಬೊಳ್ಳಿಯ ಹಿಂಗಾಲು ಅಂಚಿಗೆ ತಾಗುತ್ತಿರುವುದನ್ನು ನಮ್ಮ ಶ್ರೀಮತಿಯವರು ಕಂಡರು. ಗರಗಸ ತೆಗೆದು ಬಾಗಿಲಿನ ಅಂಚನ್ನು 6ರಿಂದ 4 ಸೆಂಟಿಮೀಟರಿಗೆ ಇಳಿಸಿದೆವು. ಇನ್ನೂ ತಗ್ಗಿಸಿದರೆ ಹಾಸು ಹೊರಚೆಲ್ಲುತ್ತದೆ. ಮುಂದೆ ಬೇಕಾದರೆ ಬಾಗಿಲ ಮುಂದೆ ಇಳಿಜಾರಿನ ಹಲಗೆಯೊಂದನ್ನು ಇಡಲು ಬಡಗಿಗೆ ಹೇಳಿಟ್ಟಿದ್ದೇವೆ.